97 ಡಿಗ್ರಿಗೇ ನೀರು ಕುದಿದರೆ ರೆಕಾರ್ಡಿನಲ್ಲಿ ಏನು ಬರೆಯಬೇಕು?

ಬೆಂಗಳೂರಿನ ಯಾವುದೇ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಬೀಕರಿನ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು ಕುದಿಸಿದರೆ ಪಾದರಸ 97 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಉರಿ ಹೆಚ್ಚಿಸಿದರೂ ಅಷ್ಟೇ, ಇನ್ನೂ ಹತ್ತು ನಿಮಿಷ ಕಾದರೂ ಅಷ್ಟೇ. ಪಾಠದಲ್ಲಿ 100 ಎಂದು ಓದಿಕೊಂಡು ಬಂದಿರುವ ಒಂಬತ್ತನೇ ತರಗತಿಯ ಹುಡುಗಿಗೆ ಆಗ ಎರಡು ದಾರಿಗಳು ಕಾಣುತ್ತವೆ: ಕಂಡದ್ದನ್ನು ಬರೆಯುವುದು, ಇಲ್ಲವೇ ಓದಿದ್ದನ್ನು ಬರೆಯುವುದು. ಬಹಳಷ್ಟು ರೆಕಾರ್ಡ್ ಪುಸ್ತಕಗಳಲ್ಲಿ ಎರಡನೆಯದೇ ಇರುತ್ತದೆ. ‘ನೀರಿನ ಕುದಿಬಿಂದು 100 ಡಿಗ್ರಿ’ ಎಂದು ನೀಟಾಗಿ ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿಸಿಕೊಂಡಾಗಿರುತ್ತದೆ.

ಆದರೆ ಆ ಥರ್ಮಾಮೀಟರ್ ಸುಳ್ಳು ಹೇಳಿರಲಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ನಮ್ಮ ಊರುಗಳ ಎತ್ತರಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಮಂಗಳೂರಿನ ಕಡಲ ತೀರದಲ್ಲಿ 100, ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96ರ ಹತ್ತಿರ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 94ಕ್ಕೂ ಕೆಳಗೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಪಟ್ಟಿಯನ್ನು ಮುಂದಿಟ್ಟಾಗಲೇ ಇದನ್ನು ಗಮನಿಸಿದ್ದ. ಮಂಜುಗಡ್ಡೆ ಕರಗುವ ಬಿಂದು ಅಲುಗುವುದಿಲ್ಲ, ಕುದಿಯುವ ಬಿಂದು ಗಾಳಿಯ ಒತ್ತಡದ ಜೊತೆ ಏರಿಳಿಯುತ್ತದೆ ಎಂದು ಕಂಡುಕೊಂಡು, ಯಾವ ಒತ್ತಡದಲ್ಲಿ ಅಳೆಯಬೇಕು ಎಂಬುದನ್ನೂ ಗೊತ್ತುಮಾಡಿದ್ದ. (ಅವನ ಮೂಲ ಪಟ್ಟಿಯಲ್ಲಿ ಕುದಿಯುವ ನೀರಿಗೆ 0, ಕರಗುವ ಮಂಜುಗಡ್ಡೆಗೆ 100 ಇತ್ತು. ಅದನ್ನು ತಿರುಗಿಸಿದ್ದು ಆಮೇಲೆ.)

ಪ್ರಯೋಗದ ವರದಿಯನ್ನು ಹೇಗೆ ಕಟ್ಟಬೇಕು ಎಂಬುದನ್ನು ಕಲಿಯಲು ಈ ಸರಳ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಉದ್ದೇಶ, ವೀಕ್ಷಣೆ, ತೀರ್ಮಾನ, ದೋಷದ ಮೂಲಗಳು ಎಂಬ ನಾಲ್ಕು ತಲೆಬರಹಗಳು ಏಕೆ ಬೇರೆಬೇರೆಯಾಗಿವೆ, ಒಂದರ ಮಾತು ಇನ್ನೊಂದರೊಳಗೆ ಸೇರಿಕೊಂಡರೆ ಏನು ಕೆಡುತ್ತದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಉದ್ದೇಶದಿಂದಲೇ ತೊಡಕು ಶುರುವಾಗುತ್ತದೆ. ‘ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ತೋರಿಸುವುದು’ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಉತ್ತರ ಅಲ್ಲಿಗೇ ಬಂದಾಯಿತು. ಆಮೇಲೆ ಥರ್ಮಾಮೀಟರ್ 97 ಎಂದು ತೋರಿಸಿದಾಗ ಅದು ಪ್ರಯೋಗದ ಸೋಲಿನಂತೆ ಕಾಣುತ್ತದೆ, ಮಗು ಅಂಕಿಯನ್ನು ತಿದ್ದಲು ಹೊರಡುತ್ತದೆ. ಉದ್ದೇಶದ ಸಾಲು ಪ್ರಶ್ನೆಯಾಗಿರಬೇಕು, ಅದರಲ್ಲಿ ಏನನ್ನು, ಎಲ್ಲಿ, ಯಾವ ಸ್ಥಿತಿಯಲ್ಲಿ ಅಳೆಯುತ್ತೇವೆ ಎಂಬುದು ಇರಬೇಕು. ‘ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ, ತೆರೆದ ಬೀಕರಿನಲ್ಲಿ ಬಟ್ಟಿ ಇಳಿಸಿದ ನೀರು ಯಾವ ತಾಪಮಾನದಲ್ಲಿ ಕುದಿಯುತ್ತದೆ, ಕುದಿಯುತ್ತಿರುವಷ್ಟು ಹೊತ್ತೂ ಆ ತಾಪಮಾನ ಬದಲಾಗದೆ ಇರುತ್ತದೆಯೇ ಎಂದು ಕಂಡುಹಿಡಿಯುವುದು.’ ಸಾಲು ಸ್ವಲ್ಪ ಉದ್ದವಾಯಿತು, ಆದರೆ ಇದರಲ್ಲಿರುವ ಒಂದೊಂದು ಪದಕ್ಕೂ ಮುಂದೆ ಕೆಲಸವಿದೆ. ‘ತೆರೆದ ಬೀಕರ್’ ಎಂದಿರುವುದು ಕುಕ್ಕರಿನಂಥ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚುವುದರಿಂದ. ‘ಬಟ್ಟಿ ಇಳಿಸಿದ’ ಎಂದಿರುವುದು ಕರಗಿದ ಲವಣಗಳು ಕುದಿಬಿಂದುವನ್ನು ಏರಿಸುವುದರಿಂದ. ‘ನಮ್ಮ ಶಾಲೆಯಲ್ಲಿ’ ಎಂದಿರುವುದು ಊರಿನ ಎತ್ತರ ಲೆಕ್ಕಕ್ಕೆ ಬರುವುದರಿಂದ.

ಸಾಮಗ್ರಿ ಮತ್ತು ವಿಧಾನವನ್ನು ಬರೆಯುವಾಗ ಒಂದೇ ಕಟ್ಟುಪಾಡು: ಆ ಪುಟವನ್ನು ಓದಿದ ಬೇರೆ ಶಾಲೆಯ ಹುಡುಗ ಅದೇ ಪ್ರಯೋಗವನ್ನು ಹಾಗೆಯೇ ಮಾಡುವಂತಿರಬೇಕು. ‘ಸ್ವಲ್ಪ ನೀರು’ ಎಂದರೆ ಸಾಲದು, 200 ಮಿಲಿಲೀಟರ್ ಎನ್ನಬೇಕು. ಥರ್ಮಾಮೀಟರಿನ ವ್ಯಾಪ್ತಿ, ಸಾಮಾನ್ಯವಾಗಿ ಮೈನಸ್ 10ರಿಂದ 110 ಡಿಗ್ರಿ, ಮತ್ತು ಅದರ ಅತಿ ಚಿಕ್ಕ ಗೀಟಿನ ಬೆಲೆ, ಅಂದರೆ ಲೀಸ್ಟ್ ಕೌಂಟ್ 1 ಡಿಗ್ರಿ, ಎರಡನ್ನೂ ನಮೂದಿಸಬೇಕು. ಬುರುಡೆ ನೀರಿನಲ್ಲಿ ಮುಳುಗಿದ್ದರೂ ಬೀಕರಿನ ತಳಕ್ಕೆ ತಾಗದಂತೆ ಸ್ಟ್ಯಾಂಡಿಗೆ ಕಟ್ಟಿದ್ದು, ತಂತಿ ಜಾಲರಿಯ ಮೇಲೆ ಬೀಕರ್ ಇಟ್ಟದ್ದು, ನೀರಿನೊಳಗೆ ಒಡೆದ ಪಿಂಗಾಣಿಯ ನಾಲ್ಕು ಚೂರು ಹಾಕಿದ್ದು ಇವೆಲ್ಲ ಇರಬೇಕು. ಪಿಂಗಾಣಿ ಚೂರು ಏಕೆಂದರೆ, ತೀರಾ ನಯವಾದ ಗಾಜಿನಲ್ಲಿ ನೀರು ಕೆಲವೊಮ್ಮೆ ಕುದಿಬಿಂದುವನ್ನು ದಾಟಿ ಬಿಸಿಯಾಗಿ, ಆಮೇಲೆ ಒಮ್ಮೆಲೇ ಎಗರಿ ಸಿಡಿಯುತ್ತದೆ. ಚೂರುಗಳ ಒರಟು ಮೈಯಲ್ಲಿ ಗುಳ್ಳೆಗಳು ಸಲೀಸಾಗಿ ಹುಟ್ಟುವುದರಿಂದ ಕುದಿ ಹದವಾಗಿರುತ್ತದೆ.

ವಿಧಾನದಲ್ಲಿ ಹಲವರು ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಒಲೆ ಹಚ್ಚುವ ಮೊದಲು ಥರ್ಮಾಮೀಟರನ್ನು ಪುಡಿ ಮಾಡಿದ, ಕರಗುತ್ತಿರುವ ಮಂಜುಗಡ್ಡೆಯಲ್ಲಿ ಐದು ನಿಮಿಷ ಇಟ್ಟು ನೋಡಬೇಕು. ಅದು ಸೊನ್ನೆ ತೋರಿಸಬೇಕು. ಶಾಲೆಯ ಥರ್ಮಾಮೀಟರುಗಳಲ್ಲಿ ಅರ್ಧ ಡಿಗ್ರಿ ಹೆಚ್ಚುಕಡಿಮೆ ತೋರಿಸುವವು ಇರುತ್ತವೆ. ಮಂಜುಗಡ್ಡೆಯ ಕರಗುಬಿಂದು ಊರಿನ ಎತ್ತರಕ್ಕೆ ಜಗ್ಗದೇ ಇರುವುದರಿಂದ, ಬೆಂಗಳೂರಿನಲ್ಲಾಗಲಿ ಕಾರವಾರದಲ್ಲಾಗಲಿ ನಂಬಬಹುದಾದ ಪರೀಕ್ಷೆ ಇದು. ಐದು ನಿಮಿಷದ ಈ ಕೆಲಸ ವರದಿಯ ಕೊನೆಯ ಭಾಗವನ್ನು ಎಷ್ಟು ಗಟ್ಟಿಮಾಡುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಈಗ ವೀಕ್ಷಣೆ. ವರದಿಯ ಎಲ್ಲ ಭಾಗಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಇದೇ. ಇಲ್ಲಿಗೆ ಬರಬೇಕಾದದ್ದು ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಉಪಕರಣ ತೋರಿಸಿದ್ದು ಮಾತ್ರ. ಬೆಂಗಳೂರಿನ ಒಂದು ಗುಂಪು ಬರೆದುಕೊಂಡ ಪಟ್ಟಿ ಹೀಗಿದೆ ಎಂದುಕೊಳ್ಳೋಣ.

| ಸಮಯ (ನಿಮಿಷ) | ತಾಪಮಾನ (°C) | ಕಂಡದ್ದು |
|---|---|---|
| 0 | 26.0 | ನೀರು ನಿಶ್ಚಲ |
| 4 | 57.5 | ಗಾಜಿನ ಒಳಮೈಗೆ ಅಂಟಿದ ಸಣ್ಣ ಗುಳ್ಳೆಗಳು |
| 8 | 83.0 | ತಳದಿಂದ ಗುಳ್ಳೆ ಎದ್ದು ಮಧ್ಯದಲ್ಲೇ ಮಾಯ, ಸದ್ದು |
| 10 | 92.5 | ನೀರಿನ ಮೇಲೆ ಬಿಳಿ ಹಬೆ |
| 12 | 97.0 | ದೊಡ್ಡ ಗುಳ್ಳೆಗಳು ಮೇಲ್ಮೈವರೆಗೂ ಬಂದು ಒಡೆಯುತ್ತವೆ |
| 14 | 97.0 | ಹಾಗೆಯೇ |
| 16 | 97.0 | ಹಾಗೆಯೇ; ನೀರಿನ ಮಟ್ಟ ಸ್ವಲ್ಪ ಇಳಿದಿದೆ |

ಮೂರನೆಯ ಕಂಬವಿಲ್ಲದೆ ಹೋದರೆ ಈ ಪಟ್ಟಿ ಅರ್ಧ ಬಡವಾಗುತ್ತದೆ. 4ನೇ ನಿಮಿಷದ ಸಾಲನ್ನೇ ನೋಡಿ. ‘ನೀರು ಕುದಿಯಲು ಶುರುವಾಯಿತು’ ಎಂದು ಅಲ್ಲಿ ಬರೆದವರು ಬಹಳ ಮಂದಿ. ಹಾಗೆ ಬರೆದರೆ ನೀರು 57 ಡಿಗ್ರಿಗೇ ಕುದಿದಂತಾಯಿತು! ಆ ಸಣ್ಣ ಗುಳ್ಳೆಗಳು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಬರುತ್ತಿರುವುದು. ಆದರೆ ಈ ವಿವರಣೆಯೂ ವೀಕ್ಷಣೆಯ ಕಂಬಕ್ಕೆ ಸೇರುವುದಿಲ್ಲ. ‘ಗಾಜಿಗೆ ಅಂಟಿದ ಸಣ್ಣ ಗುಳ್ಳೆಗಳು’ ಎಂಬುದು ಕಂಡದ್ದು, ‘ಅದು ಕರಗಿದ್ದ ಗಾಳಿ’ ಎಂಬುದು ಊಹಿಸಿದ್ದು. ಊಹೆಯನ್ನು ಪರೀಕ್ಷಿಸುವ ದಾರಿಯೂ ಸುಲಭ: ಒಮ್ಮೆ ಚೆನ್ನಾಗಿ ಕುದಿಸಿದ ನೀರನ್ನು ಅಲುಗಿಸದೆ ಆರಿಸಿ, ತಡಮಾಡದೆ ಮತ್ತೆ ಬಿಸಿಮಾಡಿದರೆ ಆ ಸಣ್ಣ ಗುಳ್ಳೆಗಳು ಬಹಳ ಕಡಿಮೆಯಾಗಿರುತ್ತವೆ. ಏಕೆಂದರೆ ಗಾಳಿ ಆಗಲೇ ಹೊರಹೋಗಿರುತ್ತದೆ. ಈ ಎರಡನೇ ಪ್ರಯೋಗ ಮಾಡಿದ ಮೇಲೆ ‘ಕರಗಿದ್ದ ಗಾಳಿ’ ಎಂಬ ಮಾತನ್ನು ತೀರ್ಮಾನದಲ್ಲಿ ಧೈರ್ಯವಾಗಿ ಬರೆಯಬಹುದು.

10ನೇ ನಿಮಿಷದ ‘ಬಿಳಿ ಹಬೆ’ಯೂ ಹೀಗೆಯೇ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಬಿಳುಪು ತಂಪು ಗಾಳಿಗೆ ಸೋಕಿ ಮತ್ತೆ ಹನಿಯಾದ ನೀರು. ‘ಆವಿ ಕಂಡಿತು’ ಎಂದು ಬರೆದರೆ ಕಾಣದ್ದನ್ನು ಕಂಡೆ ಎಂದಂತೆ. ‘ಬಿಳಿ ಹಬೆ ಕಂಡಿತು’ ಎಂದರೆ ಸಾಕು.

ಅಂಕಿಗಳ ವಿಚಾರದಲ್ಲಿ ಎರಡು ಮಾತು. ಒಂದು ಡಿಗ್ರಿಯ ಗೀಟುಗಳಿರುವ ಥರ್ಮಾಮೀಟರಿನಲ್ಲಿ ಎರಡು ಗೀಟುಗಳ ನಡುವಿನ ಅರ್ಧವನ್ನು ಕಣ್ಣಳತೆಯಿಂದ ಹೇಳಬಹುದು. ಆದ್ದರಿಂದ 57.5 ಎಂದು ಬರೆಯುವುದು ಸರಿ, 57.3 ಎಂದು ಬರೆಯುವುದು ಸರಿಯಲ್ಲ. ಅದೇ ಕಾರಣಕ್ಕೆ 97 ಎಂದಷ್ಟೇ ಬರೆಯದೆ 97.0 ಎಂದು ಬರೆಯಬೇಕು, ಅರ್ಧ ಡಿಗ್ರಿಯವರೆಗೆ ನೋಡಿದ್ದೇವೆ ಎಂದು ಆ ಸೊನ್ನೆ ಹೇಳುತ್ತದೆ. ಇನ್ನೊಂದು, ತಪ್ಪಾಗಿ ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸಬಾರದು. ಓದಲು ಆಗುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಮೊದಲು ಬರೆದದ್ದೇ ಸರಿಯಾಗಿತ್ತು ಎಂದು ಆಮೇಲೆ ಗೊತ್ತಾಗುವುದು ಅಪರೂಪವೇನಲ್ಲ. ರೆಕಾರ್ಡ್ ಪುಸ್ತಕದ ಅಂದಕ್ಕಾಗಿ ಪಟ್ಟಿಯನ್ನು ಮನೆಯಲ್ಲಿ ಮತ್ತೊಮ್ಮೆ ಬರೆಯುವ ರೂಢಿ ಇರುವ ಕಡೆಗಳಲ್ಲಿ, ಪ್ರಯೋಗಾಲಯದಲ್ಲಿ ಗೀಚಿದ ಕಚ್ಚಾ ಹಾಳೆಯನ್ನೂ ಅದೇ ಪುಟಕ್ಕೆ ಅಂಟಿಸಿಕೊಳ್ಳುವುದು ಒಳ್ಳೆಯದು.

ತೀರ್ಮಾನಕ್ಕೆ ಬಂದಾಗ ಕೇಳಿಕೊಳ್ಳಬೇಕಾದ್ದು, ಈ ಪಟ್ಟಿ ಏನನ್ನು ಹೇಳಲು ಬಿಡುತ್ತದೆ ಎಂದು. 12ರಿಂದ 16ನೇ ನಿಮಿಷದವರೆಗೆ ಉರಿ ಇದ್ದೇ ಇತ್ತು, ತಾಪಮಾನ ಏರಲಿಲ್ಲ, ನೀರಿನ ಮಟ್ಟ ಇಳಿಯಿತು. ಇಷ್ಟರಿಂದ ‘ಕುದಿಯುವಾಗ ಕೊಟ್ಟ ಶಾಖ ತಾಪಮಾನವನ್ನು ಏರಿಸದೆ ನೀರನ್ನು ಆವಿಯಾಗಿಸಲು ಖರ್ಚಾಯಿತು’ ಎಂದು ಹೇಳಬಹುದು. ‘ಈ ಪ್ರಯೋಗದಿಂದ ನೀರಿನ ಆವೀಕರಣದ ಗುಪ್ತೋಷ್ಣ ಪ್ರತಿ ಕಿಲೋಗ್ರಾಮಿಗೆ 22.6 ಲಕ್ಷ ಜೂಲ್ ಎಂದು ತಿಳಿಯಿತು’ ಎನ್ನಲಾಗದು. ಆ ಅಂಕಿ ಪುಸ್ತಕದ್ದು, ಈ ಬೀಕರಿನಲ್ಲಿ ಯಾರೂ ಅದನ್ನು ಅಳೆಯಲಿಲ್ಲ. ಎಷ್ಟು ನೀರು ಆವಿಯಾಯಿತು, ಎಷ್ಟು ಶಾಖ ಕೊಟ್ಟೆವು ಎಂದು ತೂಗಿ ಅಳೆದಿದ್ದರೆ ಮಾತು ಬೇರೆ.

ಹಾಗಾದರೆ 97 ಮತ್ತು 100ರ ನಡುವಿನ ಮೂರು ಡಿಗ್ರಿ ಎಲ್ಲಿಗೆ ಸೇರಬೇಕು? ದೋಷದ ಮೂಲಗಳ ಪಟ್ಟಿಯಲ್ಲಿ ‘ನಮ್ಮ ಊರು ಎತ್ತರದಲ್ಲಿದೆ’ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಅವರು ಕಾರಣವನ್ನು ಸರಿಯಾಗಿಯೇ ಗುರುತಿಸಿದ್ದಾರೆ, ಜಾಗ ಮಾತ್ರ ತಪ್ಪಿದೆ. ಬೆಂಗಳೂರಿನಲ್ಲಿ ನೀರು ನಿಜವಾಗಿಯೂ 97ಕ್ಕೇ ಕುದಿಯುತ್ತದೆ. ನಿಜವಾದ ಬೆಲೆಯಿಂದ ಅಳತೆ ದೂರ ಸರಿದರೆ ಅದು ದೋಷ. ಇಲ್ಲಿ ಅಳತೆ ನಿಜದ ಹತ್ತಿರವೇ ಇದೆ, ಬೇರೆಯಾಗಿರುವುದು ಸ್ಥಿತಿ. ಹಾಗಾಗಿ ಇದು ತೀರ್ಮಾನದ ಮಾತು: ‘ನಮಗೆ ಸಿಕ್ಕ ಕುದಿಬಿಂದು 97.0 ಡಿಗ್ರಿ. ಪಠ್ಯಪುಸ್ತಕದ 100 ಡಿಗ್ರಿ ಸಮುದ್ರಮಟ್ಟದ ಒತ್ತಡಕ್ಕೆ ಸಂಬಂಧಿಸಿದ್ದು. ನಮ್ಮ ಊರಿನ ಎತ್ತರ ಸುಮಾರು 900 ಮೀಟರ್ ಆದ್ದರಿಂದ ಸುಮಾರು 3 ಡಿಗ್ರಿ ಕಡಿಮೆ ನಿರೀಕ್ಷಿಸಬೇಕು, ನಮ್ಮ ಫಲಿತಾಂಶ ಅದಕ್ಕೆ ಹೊಂದುತ್ತದೆ.’ ಮೂರು ವಾಕ್ಯಗಳಲ್ಲಿ ಅಂಕಿ, ಹೋಲಿಕೆ, ಕಾರಣ ಎಲ್ಲವೂ ಬಂದವು.

ದೋಷದ ಮೂಲಗಳ ಭಾಗ ಸಾಮಾನ್ಯವಾಗಿ ಅತ್ಯಂತ ಸೊರಗಿದ ಭಾಗ. ‘ಮಾನವ ಸಹಜ ತಪ್ಪುಗಳು’, ‘ಉಪಕರಣದ ದೋಷ’ ಎಂದು ಎರಡು ಸಾಲು ಬರೆದು ಮುಗಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಮುನ್ನೆಚ್ಚರಿಕೆಗಳನ್ನು ತಂದು ಸುರಿಯುವುದೂ ಉಂಟು. ‘ಬುರುಡೆಯನ್ನು ತಳಕ್ಕೆ ತಾಗಿಸಬಾರದು’ ಎಂಬುದು ನಾವು ಪಾಲಿಸಿದ ಎಚ್ಚರ. ಎಲ್ಲ ಎಚ್ಚರ ವಹಿಸಿದ ಮೇಲೂ ಅಳತೆಯಲ್ಲಿ ಉಳಿದುಕೊಂಡದ್ದು ದೋಷ. ಒಂದೊಂದು ದೋಷದ ಬಗ್ಗೆಯೂ ಮೂರು ಸಂಗತಿ ಬರೆದರೆ ಈ ಭಾಗಕ್ಕೆ ಜೀವ ಬರುತ್ತದೆ: ಅದು ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆಯೋ ಕೆಳಕ್ಕೋ, ಸುಮಾರು ಎಷ್ಟು, ಇದೆಯೆಂದು ಗೊತ್ತಾದದ್ದು ಹೇಗೆ.

ನಮ್ಮ ಗುಂಪಿನ ಥರ್ಮಾಮೀಟರ್ ಮಂಜುಗಡ್ಡೆಯಲ್ಲಿ 0.5 ತೋರಿಸಿತ್ತು ಎಂದಿಟ್ಟುಕೊಳ್ಳಿ. ಅಂದರೆ ಅದು ಅರ್ಧ ಡಿಗ್ರಿ ಹೆಚ್ಚು ಹೇಳುತ್ತದೆ, ಆ ಲೆಕ್ಕದಲ್ಲಿ 97.0 ಅನ್ನು 96.5 ಎಂದು ತಿದ್ದಬೇಕು. ಕೊಳವೆಯ ರಂಧ್ರ ಎಲ್ಲೆಡೆ ಒಂದೇ ಸಮನಾಗಿದ್ದರೆ ಮಾತ್ರ ಸೊನ್ನೆಯ ಬಳಿಯ ತಿದ್ದುಪಡಿ 97ರ ಬಳಿಯೂ ಸರಿಹೋಗುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

ಎರಡನೆಯ ದೋಷ ಕಣ್ಣಿಗೆ ಬೀಳುವಂಥದ್ದಲ್ಲ. ಬುರುಡೆ ಮಾತ್ರ ಕುದಿಯುವ ನೀರಿನಲ್ಲಿದೆ, ಕೊಳವೆಯೊಳಗಿನ ಪಾದರಸದ ಬಹುಭಾಗ ನೀರಿನ ಹೊರಗೆ, ತಂಪಾದ ಗಾಳಿಯಲ್ಲಿದೆ. ಆ ಭಾಗದ ಪಾದರಸ ಹಿಗ್ಗಬೇಕಾದಷ್ಟು ಹಿಗ್ಗಿರುವುದಿಲ್ಲ, ಆದ್ದರಿಂದ ಥರ್ಮಾಮೀಟರ್ ಕಡಿಮೆ ತೋರಿಸುತ್ತದೆ. ಎಷ್ಟು ಕಡಿಮೆ ಎಂಬುದಕ್ಕೆ ಲೆಕ್ಕವಿದೆ. ಹೊರಗಿರುವ ಗೀಟುಗಳ ಸಂಖ್ಯೆಯನ್ನು, ನೀರಿಗೂ ಹೊರಗಿನ ಪಾದರಸಕ್ಕೂ ಇರುವ ತಾಪಮಾನದ ವ್ಯತ್ಯಾಸದಿಂದ ಗುಣಿಸಿ, ಅದನ್ನು 0.00016ರಿಂದ ಗುಣಿಸಬೇಕು. 60 ಗೀಟು ಹೊರಗಿದ್ದು, ಕೊಳವೆ ಸರಾಸರಿ 45 ಡಿಗ್ರಿಯಲ್ಲಿದ್ದರೆ 60 × 52 × 0.00016, ಅಂದರೆ ಸುಮಾರು 0.5 ಡಿಗ್ರಿ. ಒಂಬತ್ತನೇ ತರಗತಿಯವರು ಈ ಗುಣಾಕಾರ ಮಾಡಲೇಬೇಕೆಂದಿಲ್ಲ, ‘ಅರ್ಧ ಡಿಗ್ರಿಯಷ್ಟು ಕಡಿಮೆ ತೋರಿಸಿರಬಹುದು’ ಎಂದು ದಿಕ್ಕು ಹೇಳಿದರೂ ಆಯಿತು. ಆದರೆ ಮಾಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಮಂಜುಗಡ್ಡೆಯ ಪರೀಕ್ಷೆಯಿಂದ ಅರ್ಧ ಡಿಗ್ರಿ ಕಳೆಯಬೇಕು, ಕೊಳವೆಯ ಲೆಕ್ಕದಿಂದ ಅರ್ಧ ಡಿಗ್ರಿ ಕೂಡಬೇಕು, ಎರಡೂ ಸೇರಿ ಮತ್ತೆ 97.0ಕ್ಕೇ ಬಂದು ನಿಲ್ಲುತ್ತೇವೆ. ಅಂಕಿ ಸರಿ ಬಂದದ್ದು ದೋಷಗಳಿಲ್ಲದ್ದರಿಂದಲ್ಲ, ಎರಡು ದೋಷಗಳು ಒಂದನ್ನೊಂದು ಸರಿದೂಗಿಸಿದ್ದರಿಂದ. ವರದಿಯಲ್ಲಿ ಇದನ್ನು ಬಿಚ್ಚಿ ಬರೆದಿದ್ದರೆ ಮುಂದಿನ ಬಾರಿ ಬೇರೆ ಥರ್ಮಾಮೀಟರ್ ಹಿಡಿದವರು ಅಂಕಿ ಏಕೆ ಬೇರೆ ಬಂತೆಂದು ತಬ್ಬಿಬ್ಬಾಗುವುದಿಲ್ಲ.

ಮೂರನೆಯದು ನೋಟದ ಕೋನ. ಪಾದರಸದ ತುದಿಗೆ ಕಣ್ಣು ನೇರ ಇಲ್ಲದೆ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಅಂಕಿ ಸುಲಭವಾಗಿ ಅರ್ಧ ಡಿಗ್ರಿ ಸರಿಯುತ್ತದೆ. ಗುಂಪಿನ ಮೂವರು ಬೇರೆಬೇರೆಯಾಗಿ ಓದಿ, ಹೋಲಿಸಿ ನೋಡಿದರೆ ಇದರ ಅಳತೆ ತಾನಾಗಿ ಸಿಗುತ್ತದೆ.

ದೋಷದ ಪಟ್ಟಿಯಲ್ಲಿ ಪದೇ ಪದೇ ಕಾಣುವ ಇನ್ನೊಂದು ಹೆಸರು ‘ನೀರಿನ ಅಶುದ್ಧತೆ’. ಕೇಳಲು ಸರಿಯೆನಿಸುತ್ತದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಒಂದು ಲೀಟರ್ ನೀರಿನ ಕುದಿಬಿಂದು ಒಂದು ಡಿಗ್ರಿ ಏರಬೇಕಾದರೆ ಸುಮಾರು 58 ಗ್ರಾಂ ಅಡುಗೆ ಉಪ್ಪು ಕರಗಬೇಕು. ಗಡಸು ಬೋರ್‌ವೆಲ್ ನೀರಿನ ಲೀಟರಿಗೆ ಒಂದು ಗ್ರಾಂ ಲವಣವಿದೆ ಎಂದರೂ ಏರಿಕೆ ಡಿಗ್ರಿಯ ಐವತ್ತರಲ್ಲಿ ಒಂದು ಪಾಲನ್ನೂ ದಾಟುವುದಿಲ್ಲ. ಒಂದು ಡಿಗ್ರಿಯ ಗೀಟಿನ ಥರ್ಮಾಮೀಟರಿಗೆ ಅದು ಕಾಣುವುದೇ ಇಲ್ಲ. ಹಾಗಾದರೆ ಬಟ್ಟಿ ಇಳಿಸಿದ ನೀರೇ ಏಕೆ? ಲವಣದ ಸಂದೇಹಕ್ಕೆ ಮೊದಲೇ ಬಾಗಿಲು ಹಾಕುವುದಕ್ಕೆ. ನಲ್ಲಿ ನೀರನ್ನೇ ಬಳಸಿದ ಗುಂಪು ‘ಇದರಿಂದ ಆಗಬಹುದಾದ ವ್ಯತ್ಯಾಸ ನಮ್ಮ ಥರ್ಮಾಮೀಟರ್ ತೋರಿಸಲಾರದಷ್ಟು ಚಿಕ್ಕದು’ ಎಂದು ಬರೆದರೆ ಅದು ಉತ್ತಮ ದರ್ಜೆಯ ಸಾಲು.

ತರಗತಿಯ ಎಲ್ಲ ಗುಂಪುಗಳ ಅಂಕಿಗಳನ್ನು ಹಲಗೆಯ ಮೇಲೆ ಬರೆದಾಗ ಇನ್ನೊಂದು ಪಾಠ ಸಿಗುತ್ತದೆ. 96.5, 97.0, 97.0, 97.5, 96.5 ಹೀಗೆ ಬಂದು, ಒಂದು ಗುಂಪಿನದು ಮಾತ್ರ 100.0 ಎಂದಿದ್ದರೆ ಅದನ್ನು ಅಳಿಸಿಹಾಕುವಂತಿಲ್ಲ, ಸುಮ್ಮನೆ ಸರಾಸರಿಗೆ ಸೇರಿಸುವಂತೆಯೂ ಇಲ್ಲ. ಬುರುಡೆಯನ್ನು ಒಂದೆರಡು ಸೆಂಟಿಮೀಟರ್ ಮೇಲೆತ್ತಿದಾಗ ಅಂಕಿ ಇಳಿದರೆ ಅದು ಬಿಸಿ ತಳಕ್ಕೆ ತಾಗಿಕೊಂಡಿತ್ತು ಎಂದರ್ಥ. ಇಳಿಯದಿದ್ದರೆ ಥರ್ಮಾಮೀಟರನ್ನು ಪಕ್ಕದ ಗುಂಪಿನ ಬೀಕರಿಗೆ ಹಾಕಿ ನೋಡಬೇಕು. ಅಲ್ಲಿಯೂ 100 ತೋರಿಸಿದರೆ ಉಪಕರಣವೇ ಸರಿಯಿಲ್ಲ, ಮಂಜುಗಡ್ಡೆಯ ಪರೀಕ್ಷೆಯಲ್ಲೂ ಅದು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಅಲ್ಲಿ 97 ತೋರಿಸಿ, ತನ್ನ ಬೀಕರಿನಲ್ಲಿ 100 ತೋರಿಸಿದರೆ ಆ ಬೀಕರಿಗೆ ಪಿಂಗಾಣಿ ಚೂರು ಹಾಕಲು ಮರೆತಿದ್ದಾರೆಯೇ ಎಂದು ನೋಡಬೇಕು. ಏನು ಕಂಡಿತೋ ಅದು ವೀಕ್ಷಣೆಗೆ, ಅದರಿಂದ ತಿಳಿದದ್ದು ದೋಷದ ಭಾಗಕ್ಕೆ.

ಎತ್ತರದ ಅಂದಾಜಿನ ಬದಲು ಗಾಳಿಯ ಒತ್ತಡವನ್ನೇ ನಮೂದಿಸಿದರೆ ವರದಿ ಇನ್ನೂ ಬಿಗಿಯಾಗುತ್ತದೆ. ಪ್ರಯೋಗಾಲಯದಲ್ಲಿ ಬ್ಯಾರೋಮೀಟರ್ ಇಲ್ಲದಿದ್ದರೂ ಕೆಲವು ಮೊಬೈಲ್ ಫೋನುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಶಿಕ್ಷಕರ ಫೋನಿನಲ್ಲಿ ಇದ್ದರೆ ಸಾಕು. ಬೆಂಗಳೂರಿನಲ್ಲಿ ಅದು 910 ಹೆಕ್ಟೋಪಾಸ್ಕಲ್ ಆಸುಪಾಸು ತೋರಿಸುತ್ತದೆ, ಆ ಒತ್ತಡದಲ್ಲಿ ನೀರಿನ ಕುದಿಬಿಂದು ಸುಮಾರು 97.0. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಫೋನಿನ ಹವಾಮಾನ ಆ್ಯಪಿನಲ್ಲೋ ಹವಾ ವರದಿಯಲ್ಲೋ ನೋಡಿದರೆ ಬೆಂಗಳೂರಿಗೂ 1,010ರ ಆಸುಪಾಸಿನ ಅಂಕಿ ಇರುತ್ತದೆ. ಅದು ಬೇರೆಬೇರೆ ಊರುಗಳನ್ನು ಹೋಲಿಸಲೆಂದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕಹಾಕಿದ ಒತ್ತಡ, ಬೀಕರಿನ ಮೇಲೆ ಕೂತಿರುವ ಗಾಳಿಯ ಒತ್ತಡವಲ್ಲ. ಆ ಅಂಕಿಯನ್ನು ವರದಿಗೆ ಇಳಿಸಿಕೊಂಡವರಿಗೆ ಕುದಿಬಿಂದು 100ರ ಹತ್ತಿರ ಬರಬೇಕಿತ್ತು ಎನಿಸಿ, ಇಲ್ಲದ ಮೂರು ಡಿಗ್ರಿಯ ದೋಷವನ್ನು ಹುಡುಕಲು ಹೊರಡುತ್ತಾರೆ. ಸೆನ್ಸರಿನ ನೇರ ಅಂಕಿಯನ್ನು ತೋರಿಸುವ ಆ್ಯಪನ್ನೇ ಬಳಸಿ, ಒತ್ತಡ, ದಿನಾಂಕ, ಸಮಯ ಮೂರನ್ನೂ ವೀಕ್ಷಣೆಯ ಪಟ್ಟಿಯ ಮೇಲ್ಭಾಗದಲ್ಲೇ ಬರೆದುಕೊಳ್ಳಬೇಕು.